ದೌರ್ಜನ್ಯ ತಡೆ ಕಾಯ್ದೆ ಮತ್ತು ವಿಶೇಷ ನ್ಯಾಯಾಲಯಗಳು

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989 ಭಾರತದ ಸಂಸತ್ತು ಅಂಗೀಕರಿಸಿದ ಒಂದು ವಿಶೇಷ ದಂಡನಾ ಕಾನೂನು. ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರ ಮೇಲೆ ಆ ಸಮುದಾಯಗಳಿಗೆ ಸೇರದವರು ಎಸಗುವ ನಿರ್ದಿಷ್ಟ ಕೃತ್ಯಗಳನ್ನು ಇದು 'ದೌರ್ಜನ್ಯ'ವೆಂದು ಗುರುತಿಸುತ್ತದೆ. ಅವುಗಳ ವಿಚಾರಣೆಗೆ ವಿಶೇಷ ನ್ಯಾಯಾಲಯಗಳನ್ನು ಸ್ಥಾಪಿಸುವಂತೆ ಹೇಳುತ್ತದೆ ಮತ್ತು ಸಂತ್ರಸ್ತರಿಗೆ ಪರಿಹಾರವನ್ನೂ ರಕ್ಷಣೆಯನ್ನೂ ವಿಧಿಸುತ್ತದೆ. ಕಾಯ್ದೆಯು 1990ರ ಜನವರಿ 30ರಂದು ಜಾರಿಗೆ ಬಂದಿತು. ಅದರ ನಿಯಮಗಳು 1995ರಲ್ಲಿ ಪ್ರಕಟವಾದವು. 2015 ಮತ್ತು 2018ರಲ್ಲಿ ಕಾಯ್ದೆಗೆ ಮಹತ್ವದ ತಿದ್ದುಪಡಿಗಳಾಗಿವೆ.

ಈ ಕಾಯ್ದೆಯಡಿ ದಾಖಲಾದ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣ ಕಡಿಮೆಯಿರುವುದು ದೀರ್ಘಕಾಲದ ವಿವಾದದ ವಿಷಯವಾಗಿದೆ. ದೂರುಗಳೇ ಸುಳ್ಳಾಗಿರುವುದರಿಂದ ಹೀಗಾಗುತ್ತಿದೆ ಎಂಬುದು ಒಂದು ವಾದ. ತನಿಖೆ, ವಿಳಂಬ ಮತ್ತು ಸಾಕ್ಷಿಗಳ ಮೇಲಿನ ಒತ್ತಡಗಳೇ ಇದಕ್ಕೆ ಕಾರಣವೆಂಬುದು ಇನ್ನೊಂದು. ಕರ್ನಾಟಕದ ಕಂಬಾಲಪಲ್ಲಿ ಮತ್ತು ಮರಕುಂಬಿ ಪ್ರಕರಣಗಳು ವಿರುದ್ಧ ದಿಕ್ಕಿನ ಫಲಿತಾಂಶಗಳನ್ನು ಕಂಡಿರುವುದರಿಂದ ಈ ಚರ್ಚೆಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತವೆ.

ಹಿನ್ನೆಲೆ

ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿ, ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. ಆ ವಿಧಿಗೆ ಬಲ ನೀಡಲು 1955ರಲ್ಲಿ ಅಸ್ಪೃಶ್ಯತಾ (ಅಪರಾಧಗಳ) ಕಾಯ್ದೆ ಬಂದಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ 'ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ' ಎಂದು ಹೆಸರು ಬದಲಿಸಲಾಯಿತು. ದೇವಾಲಯ, ಬಾವಿ, ಹೋಟೆಲು, ಕ್ಷೌರದಂಗಡಿ ಮುಂತಾದೆಡೆ ಪ್ರವೇಶ ನಿರಾಕರಿಸುವುದನ್ನು ಈ ಕಾನೂನು ದಂಡಿಸುತ್ತಿತ್ತು. ಆದರೆ ಸಾಮೂಹಿಕ ಹಲ್ಲೆ, ಕೊಲೆ, ಮನೆಗಳಿಗೆ ಬೆಂಕಿ ಇಡುವುದು ಮೊದಲಾದವು ಸಾಮಾನ್ಯ ದಂಡ ಸಂಹಿತೆಯ ವ್ಯಾಪ್ತಿಯಲ್ಲಿಯೇ ಉಳಿದವು. ದಂಡ ಸಂಹಿತೆಯು ಕೊಲೆಯನ್ನು ಕೊಲೆಯೆಂದಷ್ಟೇ ನೋಡುತ್ತಿತ್ತು. ಅದರ ಹಿಂದಿನ ಜಾತಿಯ ಅಂಶ ಅದಕ್ಕೆ ಕಾಣುತ್ತಿರಲಿಲ್ಲ.

1968ರ ಡಿಸೆಂಬರ್ 25ರಂದು ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಕೂಲಿಗಾಗಿ ಹೋರಾಡುತ್ತಿದ್ದ ದಲಿತ ಕುಟುಂಬಗಳ 44 ಮಂದಿಯನ್ನು ಗುಡಿಸಲೊಂದರಲ್ಲಿ ಸುಡಲಾಯಿತು. 1985ರಲ್ಲಿ ಆಂಧ್ರಪ್ರದೇಶದ ಕಾರಂಚೇಡುವಿನಲ್ಲಿ ದಲಿತರ ಹತ್ಯಾಕಾಂಡ ನಡೆಯಿತು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದ ಘಟನೆ ಕರ್ನಾಟಕವನ್ನು ಕಲಕಿತು. 1989ರ ಕಾಯ್ದೆಯು ತಾನು ಪಟ್ಟಿಮಾಡಿದ ಅಪರಾಧಗಳಲ್ಲಿ ತಿನ್ನಬಾರದ, ಅಸಹ್ಯವಾದ ವಸ್ತುವನ್ನು ಬಲವಂತವಾಗಿ ತಿನ್ನಿಸುವುದನ್ನೇ ಮೊದಲನೆಯದಾಗಿ ಇರಿಸಿತು.

ಕಾಯ್ದೆಯ ರಚನೆ

ಕಾಯ್ದೆಯ ಹೃದಯಭಾಗವೆಂದರೆ 3ನೇ ಪ್ರಕರಣ. ಇದರಲ್ಲಿ ಎರಡು ಬಗೆಯ ಅಪರಾಧಗಳಿವೆ. ಮೊದಲನೆಯ ಬಗೆಯಲ್ಲಿ ಜಾತಿ ನಿಂದನೆ, ಅವಮಾನಕರ ಮೆರವಣಿಗೆ, ಜಮೀನಿನ ಅತಿಕ್ರಮಣ, ಮತದಾನಕ್ಕೆ ಅಡ್ಡಿ, ಸಾಮಾಜಿಕ ಬಹಿಷ್ಕಾರ ಮೊದಲಾದ ಕೃತ್ಯಗಳು ಬರುತ್ತವೆ. ಇವುಗಳಿಗೆ ಸಾಮಾನ್ಯವಾಗಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಎರಡನೆಯ ಬಗೆಯಲ್ಲಿ ಗಂಭೀರ ಅಪರಾಧಗಳಿವೆ. ಉದಾಹರಣೆಗೆ, ಪರಿಶಿಷ್ಟರು ವಾಸಿಸುವ ಮನೆಯನ್ನು ಬೆಂಕಿಯಿಂದ ನಾಶಪಡಿಸಿದರೆ ಜೀವಾವಧಿ ಶಿಕ್ಷೆ. ದಂಡ ಸಂಹಿತೆಯಡಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಿರುವ ಅಪರಾಧವನ್ನು ಜಾತಿಯ ಅರಿವಿನೊಂದಿಗೆ ಎಸಗಿದಾಗಲೂ ಜೀವಾವಧಿ ಶಿಕ್ಷೆಯೇ.

'ಜಾತಿಯ ಅರಿವಿನೊಂದಿಗೆ' ಎಂಬ ಮಾತಿನ ಹಿಂದೆ ಒಂದು ಇತಿಹಾಸವಿದೆ. ಮೂಲ ಕಾಯ್ದೆಯಲ್ಲಿ, ಸಂತ್ರಸ್ತರು ಪರಿಶಿಷ್ಟರೆಂಬ 'ಕಾರಣದಿಂದ' ಅಪರಾಧ ನಡೆದಿರಬೇಕು ಎಂದಿತ್ತು. ಆರೋಪಿಯ ಮನಸ್ಸಿನ ಉದ್ದೇಶವನ್ನು ಸಾಬೀತುಪಡಿಸುವುದು ಅಭಿಯೋಜನೆಗೆ ಕಷ್ಟವಾಗುತ್ತಿತ್ತು. ಜಮೀನಿನ ಜಗಳ, ಹಳೆಯ ದ್ವೇಷ, ಲೈಂಗಿಕ ಹಿಂಸೆ ಎಂಬ ಬೇರೊಂದು ಕಾರಣ ಕಂಡುಬಂದರೆ ಈ ಭಾಗವು ಬಿದ್ದುಹೋಗುತ್ತಿತ್ತು. 2015ರ ತಿದ್ದುಪಡಿಯು (2016ರ ಜನವರಿ 26ರಿಂದ ಜಾರಿ) ಇದನ್ನು ಬದಲಿಸಿತು. ಈಗ ಸಂತ್ರಸ್ತರು ಪರಿಶಿಷ್ಟರೆಂದು ಆರೋಪಿಗೆ ತಿಳಿದಿತ್ತು ಎಂಬುದು ಸಾಕು. ಆರೋಪಿಗೆ ಸಂತ್ರಸ್ತರ ಅಥವಾ ಅವರ ಕುಟುಂಬದ ಪರಿಚಯವಿದ್ದರೆ, ಬೇರೆಯಾಗಿ ಸಾಬೀತಾಗದ ಹೊರತು, ಜಾತಿಯ ಅರಿವೂ ಇತ್ತೆಂದೇ ನ್ಯಾಯಾಲಯ ಭಾವಿಸಬೇಕು. ಎಲ್ಲರಿಗೂ ಎಲ್ಲರ ಜಾತಿ ಗೊತ್ತಿರುವ ಹಳ್ಳಿಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಆದರೆ ತಿದ್ದುಪಡಿಗೆ ಮುಂಚೆ ನಡೆದ ಕೃತ್ಯಗಳಿಗೆ ಹಳೆಯ ಮಾತೇ ಅನ್ವಯಿಸುತ್ತದೆ.

ಈ ತೊಡಕಿಗೆ 2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ನಡೆದ ಹತ್ಯಾಕಾಂಡವು ಪ್ರಸಿದ್ಧ ನಿದರ್ಶನ. ದಲಿತ ಕುಟುಂಬವೊಂದರ ತಾಯಿ, ಮಗಳು ಮತ್ತು ಇಬ್ಬರು ಗಂಡುಮಕ್ಕಳನ್ನು ಕೊಲ್ಲಲಾಯಿತು. 2008ರಲ್ಲಿ ವಿಚಾರಣಾ ನ್ಯಾಯಾಲಯವು ಎಂಟು ಮಂದಿಯನ್ನು ಅಪರಾಧಿಗಳೆಂದು ಘೋಷಿಸಿ ಆರು ಮಂದಿಗೆ ಮರಣದಂಡನೆ ವಿಧಿಸಿತಾದರೂ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದಿಲ್ಲವೆಂದಿತು. 2010ರಲ್ಲಿ ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠವು ಮರಣದಂಡನೆಯನ್ನು 25 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಶಿಕ್ಷೆಯೇನೋ ಆಯಿತು, ಆದರೆ ಅದು ಜಾತಿ ದೌರ್ಜನ್ಯಕ್ಕೆ ಆದ ಶಿಕ್ಷೆಯೆಂದು ದಾಖಲೆಯಲ್ಲಿ ಬರಲಿಲ್ಲ.

ಕಾಯ್ದೆಯ 18ನೇ ಪ್ರಕರಣವು ಆರೋಪಿಗೆ ನಿರೀಕ್ಷಣಾ ಜಾಮೀನನ್ನು ನಿರಾಕರಿಸುತ್ತದೆ. ಹೊರಗಿರುವ ಆರೋಪಿಯು ದೂರುದಾರರನ್ನು ಬೆದರಿಸುವ ಸಾಧ್ಯತೆಯೇ ಇದಕ್ಕೆ ನೀಡಲಾಗುವ ಸಮರ್ಥನೆ. ಪರಿಶಿಷ್ಟರಲ್ಲದ ಸರ್ಕಾರಿ ನೌಕರರು ಕರ್ತವ್ಯದಲ್ಲಿ ಬುದ್ಧಿಪೂರ್ವಕವಾಗಿ ನಿರ್ಲಕ್ಷ್ಯ ತೋರಿದರೆ 4ನೇ ಪ್ರಕರಣವು ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ದೂರು ದಾಖಲಿಸದಿರುವುದು, ದೂರುದಾರರು ಹೇಳಿದ್ದನ್ನು ಬರೆದು ಅವರಿಗೆ ಓದಿ ಹೇಳದಿರುವುದು ಇಂತಹ ನಿರ್ಲಕ್ಷ್ಯಗಳೆಂದು 2015ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಈ ಪ್ರಕರಣದ ಬಳಕೆ ಮಾತ್ರ ತೀರ ವಿರಳ.

ವಿಶೇಷ ನ್ಯಾಯಾಲಯಗಳು

ಮೂಲ ಕಾಯ್ದೆಯ 14ನೇ ಪ್ರಕರಣದಂತೆ ಪ್ರತಿ ಜಿಲ್ಲೆಯಲ್ಲಿ ಒಂದು ಸೆಷನ್ಸ್ ನ್ಯಾಯಾಲಯವನ್ನು 'ವಿಶೇಷ ನ್ಯಾಯಾಲಯ'ವೆಂದು ಅಧಿಸೂಚನೆಯ ಮೂಲಕ ಗುರುತಿಸಿದರೆ ಸಾಕಾಗಿತ್ತು. ಹೊಸ ಕಟ್ಟಡವಾಗಲಿ ಹೊಸ ನ್ಯಾಯಾಧೀಶರಾಗಲಿ ಬರಬೇಕಿರಲಿಲ್ಲ. ಕೊಲೆ, ಡಕಾಯಿತಿ, ಸಿವಿಲ್ ಮೇಲ್ಮನವಿಗಳ ಜೊತೆಗೇ ದೌರ್ಜನ್ಯ ಪ್ರಕರಣಗಳೂ ಅದೇ ನ್ಯಾಯಾಧೀಶರ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದವು. 'ವಿಶೇಷ' ಎಂಬುದು ಬಹುತೇಕ ಹೆಸರಿಗಷ್ಟೇ ಆಗಿತ್ತು.

2000ದಲ್ಲಿ ಸುಪ್ರೀಂ ಕೋರ್ಟ್ ಗಂಗುಲ ಅಶೋಕ್ ಪ್ರಕರಣದ ತೀರ್ಪಿನಲ್ಲಿ ಇನ್ನೊಂದು ತೊಡಕನ್ನು ಎತ್ತಿ ತೋರಿತು. ಸೆಷನ್ಸ್ ನ್ಯಾಯಾಲಯವೇ ಆಗಿರುವ ವಿಶೇಷ ನ್ಯಾಯಾಲಯವು ಪ್ರಕರಣವನ್ನು ನೇರವಾಗಿ ಕೈಗೆತ್ತಿಕೊಳ್ಳುವಂತಿಲ್ಲ. ದೋಷಾರೋಪ ಪಟ್ಟಿಯು ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ, ಅಲ್ಲಿಂದ ವರ್ಗಾವಣೆಯಾಗಿ ಬರಬೇಕು ಎಂದು ನ್ಯಾಯಾಲಯ ಹೇಳಿತು. ಶೀಘ್ರ ವಿಚಾರಣೆಗೆಂದು ರೂಪುಗೊಂಡ ವ್ಯವಸ್ಥೆಗೆ ಹೀಗೆ ಒಂದು ಹೆಚ್ಚಿನ ಹಂತ ಸೇರಿಕೊಂಡಿತು.

2015ರ ತಿದ್ದುಪಡಿ ಈ ಎರಡು ಕೊರತೆಗಳನ್ನೂ ತುಂಬಲು ಯತ್ನಿಸಿತು. ಇದರಂತೆ ಒಂದು ಅಥವಾ ಹೆಚ್ಚು ಜಿಲ್ಲೆಗಳಿಗೆ, ಈ ಕಾಯ್ದೆಯ ಪ್ರಕರಣಗಳನ್ನು ಮಾತ್ರ ನಡೆಸುವ 'ಪ್ರತ್ಯೇಕ ವಿಶೇಷ ನ್ಯಾಯಾಲಯ'ವನ್ನು ಸ್ಥಾಪಿಸಬೇಕು. ಪ್ರಕರಣಗಳ ಸಂಖ್ಯೆ ಕಡಿಮೆಯಿರುವ ಜಿಲ್ಲೆಗಳಲ್ಲಿ ಮಾತ್ರ ಸೆಷನ್ಸ್ ನ್ಯಾಯಾಲಯವನ್ನು ಗುರುತಿಸುವ ಹಳೆಯ ಪದ್ಧತಿಗೆ ಅವಕಾಶವಿದೆ. ಈ ನ್ಯಾಯಾಲಯಗಳು ದೋಷಾರೋಪವನ್ನು ನೇರವಾಗಿ ಅಂಗೀಕರಿಸಬಹುದು. ವಿಚಾರಣೆ ದಿನನಿತ್ಯ ನಡೆಯಬೇಕು; ಸಾಧ್ಯವಾದಷ್ಟೂ ದೋಷಾರೋಪ ಪಟ್ಟಿ ಸಲ್ಲಿಕೆಯಾದ ಎರಡು ತಿಂಗಳಲ್ಲಿ ಮುಗಿಯಬೇಕು. ತೀರ್ಪಿನ ವಿರುದ್ಧ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅದನ್ನು ಸಾಧ್ಯವಾದಷ್ಟೂ ಮೂರು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ಪ್ರತಿ ಪ್ರತ್ಯೇಕ ನ್ಯಾಯಾಲಯಕ್ಕೂ ಪ್ರತ್ಯೇಕ ವಿಶೇಷ ಸರ್ಕಾರಿ ಅಭಿಯೋಜಕರಿರಬೇಕು.

ಕಾನೂನಿನ ಈ ಮಾತು ನೆಲಕ್ಕಿಳಿದದ್ದು ಅಲ್ಲಲ್ಲಿ ಮಾತ್ರ. ಕೇಂದ್ರ ಸರ್ಕಾರದ 2022ನೇ ಸಾಲಿನ ವರದಿಯ ಪ್ರಕಾರ 14 ರಾಜ್ಯಗಳ 498 ಜಿಲ್ಲೆಗಳ ಪೈಕಿ 194ರಲ್ಲಿ ಮಾತ್ರ ಇಂತಹ ಪ್ರಕರಣಗಳ ಶೀಘ್ರ ವಿಚಾರಣೆಗೆ ಪ್ರತ್ಯೇಕ ವಿಶೇಷ ನ್ಯಾಯಾಲಯಗಳಿದ್ದವು. ಉಳಿದೆಡೆ ಹಳೆಯ ಪದ್ಧತಿಯೇ ಮುಂದುವರಿದಿತ್ತು.

2015ರಲ್ಲಿಯೇ ಸೇರಿದ 15ಎ ಪ್ರಕರಣವು ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳನ್ನು ಹೇಳುತ್ತದೆ. ಜಾಮೀನು ಅರ್ಜಿಯೂ ಸೇರಿದಂತೆ ಪ್ರತಿ ಹಂತದ ನಡವಳಿಯ ಸೂಚನೆ ಪಡೆಯುವುದು, ಅಲ್ಲಿ ತಮ್ಮ ಮಾತು ಹೇಳುವುದು, ಪ್ರಯಾಣ ವೆಚ್ಚ, ಬೆದರಿಕೆಯಿದ್ದಲ್ಲಿ ರಕ್ಷಣೆ ಹಾಗೂ ಪುನರ್ವಸತಿ ಇದರಲ್ಲಿ ಬರುತ್ತವೆ. ನಡವಳಿಗಳನ್ನು ವಿಡಿಯೋದಲ್ಲಿ ದಾಖಲಿಸಬೇಕೆಂದೂ ಇದೆ. ಸಂತ್ರಸ್ತರಿಗೆ ಸೂಚನೆ ನೀಡದೆ ಆರೋಪಿಗೆ ಜಾಮೀನು ಕೊಡುವಂತಿಲ್ಲ, ಈ ಹಕ್ಕು ಕೇವಲ ಔಪಚಾರಿಕವಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿತು.

ಶಿಕ್ಷೆಯ ಪ್ರಮಾಣವೆಂದರೇನು

ಶಿಕ್ಷೆಯ ಪ್ರಮಾಣವನ್ನು ದಾಖಲಾದ ಒಟ್ಟು ಪ್ರಕರಣಗಳ ಮೇಲೆ ಲೆಕ್ಕ ಹಾಕುವುದಿಲ್ಲ. ಆ ವರ್ಷ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬುದೇ ಆ ಸಂಖ್ಯೆ. ಕೇಂದ್ರ ಸರ್ಕಾರದ ವರದಿಯಂತೆ ಈ ಕಾಯ್ದೆಯಡಿ 2020ರಲ್ಲಿ ಶೇ 39.2ರಷ್ಟಿದ್ದ ಪ್ರಮಾಣವು 2022ರಲ್ಲಿ ಶೇ 32.4ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಭಾರತೀಯ ದಂಡ ಸಂಹಿತೆಯ ಅಪರಾಧಗಳ ಒಟ್ಟಾರೆ ಪ್ರಮಾಣವು ಶೇ 50ಕ್ಕಿಂತ ಮೇಲಿತ್ತು. ಕರ್ನಾಟಕದಲ್ಲಿ ಹಲವು ವರ್ಷಗಳಲ್ಲಿ ಈ ಪ್ರಮಾಣವು ಶೇ 10ನ್ನೂ ಮುಟ್ಟಿಲ್ಲ.

ಬಾಕಿ ಪ್ರಕರಣಗಳನ್ನು ಗಮನಿಸದೆ ಈ ಸಂಖ್ಯೆಯನ್ನು ಓದಿದರೆ ದಾರಿ ತಪ್ಪುತ್ತದೆ. ವರ್ಷವೊಂದರಲ್ಲಿ ನ್ಯಾಯಾಲಯಗಳ ಮುಂದಿರುವ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ವರ್ಷಾಂತ್ಯದಲ್ಲಿ ಬಾಕಿಯೇ ಉಳಿಯುತ್ತವೆ. ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಊಹಿಸಿಕೊಳ್ಳಬಹುದು. ನ್ಯಾಯಾಲಯದ ಮುಂದೆ 100 ಪ್ರಕರಣಗಳಿದ್ದು, ವರ್ಷದಲ್ಲಿ 6 ಇತ್ಯರ್ಥವಾಗಿ, 2ರಲ್ಲಿ ಶಿಕ್ಷೆಯಾದರೆ ಶಿಕ್ಷೆಯ ಪ್ರಮಾಣ ಶೇ 33. ಆದರೆ ನೂರು ದೂರುದಾರರಲ್ಲಿ ಆ ವರ್ಷ ಶಿಕ್ಷೆಯನ್ನು ಕಂಡವರು ಇಬ್ಬರೇ. ಉಳಿದ 94 ಮಂದಿ ಮುಂದಿನ ವರ್ಷದ ಸಾಲಿಗೆ ಸೇರುತ್ತಾರೆ. ಸಾಕ್ಷಿಗಳ ನೆನಪು ಅಷ್ಟರಮಟ್ಟಿಗೆ ಮಸುಕಾಗುತ್ತದೆ ಮತ್ತು ಊರಿನಲ್ಲಿ ರಾಜಿಯ ಒತ್ತಡ ಅಷ್ಟರಮಟ್ಟಿಗೆ ಬೆಳೆಯುತ್ತದೆ. ಹೀಗಾಗಿ ವಿಳಂಬವನ್ನು ಕಡಿಮೆ ಶಿಕ್ಷೆಯ ಸಮಸ್ಯೆಯಿಂದ ಬೇರೆಯೆಂದು ನೋಡುವುದು ಸರಿಯಲ್ಲ. ಅದು ಆ ಸಮಸ್ಯೆಯ ಕಾರಣಗಳಲ್ಲೊಂದು.

ನ್ಯಾಯಾಲಯದವರೆಗೆ ಬಾರದೆ ಉಳಿಯುವ ಪ್ರಕರಣಗಳೂ ಇವೆ. ಪೊಲೀಸರು ತನಿಖೆಯ ಬಳಿಕ ಸಾಕ್ಷ್ಯವಿಲ್ಲ ಅಥವಾ ದೂರು ಸುಳ್ಳು ಎಂದು ಅಂತಿಮ ವರದಿ ಸಲ್ಲಿಸಿದರೆ (ಕರ್ನಾಟಕದಲ್ಲಿ ಇದು 'ಬಿ ರಿಪೋರ್ಟ್' ಎಂದೇ ಪರಿಚಿತ) ಆ ಪ್ರಕರಣ ಶಿಕ್ಷೆಯ ಪ್ರಮಾಣದ ಲೆಕ್ಕಕ್ಕೆ ಸೇರುವುದೇ ಇಲ್ಲ.

ಪ್ರಕರಣಗಳು ಎಲ್ಲಿ ಬೀಳುತ್ತವೆ

ಖುಲಾಸೆಯ ತೀರ್ಪುಗಳಲ್ಲಿ ಕೆಲವು ಕಾರಣಗಳು ಮತ್ತೆ ಮತ್ತೆ ಕಾಣಿಸುತ್ತವೆ. ಅವುಗಳಲ್ಲಿ ಮೊದಲನೆಯದು ತನಿಖಾಧಿಕಾರಿಯ ದರ್ಜೆ. 1995ರ ನಿಯಮಗಳ 7ನೇ ನಿಯಮದಂತೆ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ನಡೆಸುವಂತಿಲ್ಲ. ಹಿರಿಯ ಅಧಿಕಾರಿಯ ಮೇಲೆ ಸ್ಥಳೀಯ ಪ್ರಭಾವ ನಡೆಯುವುದು ಕಷ್ಟ ಎಂಬುದು ಇದರ ಆಶಯ. ಆದರೆ ಠಾಣೆಯ ಸಬ್ ಇನ್‌ಸ್ಪೆಕ್ಟರರೇ ಮಹಜರು ನಡೆಸಿ, ಹೇಳಿಕೆ ಪಡೆದು, ಡಿವೈಎಸ್‌ಪಿಯವರು ಕೊನೆಯಲ್ಲಿ ಸಹಿ ಮಾತ್ರ ಹಾಕಿದ ಉದಾಹರಣೆಗಳಿವೆ. ಅಧಿಕಾರವಿಲ್ಲದವರು ನಡೆಸಿದ ತನಿಖೆ ಈ ಕಾಯ್ದೆಯ ಮಟ್ಟಿಗೆ ಸಿಂಧುವಲ್ಲ, ದಂಡ ಸಂಹಿತೆಯ ಆರೋಪಗಳು ಮಾತ್ರ ಮುಂದುವರಿಯಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಸಂತ್ರಸ್ತರನ್ನು ಕಾಯಲೆಂದು ಮಾಡಿದ ನಿಯಮವು ಪೊಲೀಸರ ಲೋಪದಿಂದಾಗಿ ಆರೋಪಿಗೆ ನೆರವಾಗುವ ವಿಪರ್ಯಾಸವಿದು.

ಎರಡನೆಯದು ಜಾತಿಯ ರುಜುವಾತು. ಸಂತ್ರಸ್ತರು ಪರಿಶಿಷ್ಟರೆಂಬುದನ್ನೂ ಆರೋಪಿ ಪರಿಶಿಷ್ಟರಲ್ಲವೆಂಬುದನ್ನೂ ಅಭಿಯೋಜನೆ ದಾಖಲೆಯಿಂದ ತೋರಿಸಬೇಕು. ತಹಶೀಲ್ದಾರರ ಪ್ರಮಾಣಪತ್ರವನ್ನು ಸಕಾಲದಲ್ಲಿ ಪಡೆದು ಹಾಜರುಪಡಿಸದಿದ್ದರೆ ಉಳಿದ ಸಾಕ್ಷ್ಯ ಎಷ್ಟೇ ಗಟ್ಟಿಯಿದ್ದರೂ ಕಾಯ್ದೆಯ ಆರೋಪ ನಿಲ್ಲುವುದಿಲ್ಲ.

ಮೂರನೆಯದು 'ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳ' ಎಂಬ ಷರತ್ತು. ಜಾತಿ ನಿಂದನೆಯು ಅಂತಹ ಸ್ಥಳದಲ್ಲಿ ನಡೆದಿದ್ದರೆ ಮಾತ್ರ ಅದು ಈ ಕಾಯ್ದೆಯಡಿ ಅಪರಾಧ. ಖಾಸಗಿ ಸ್ಥಳವಾದರೂ ಹೊರಗಿನವರು ನೋಡುವಂತಿದ್ದರೆ ಷರತ್ತು ಪೂರೈಸುತ್ತದೆ; ನಾಲ್ಕು ಗೋಡೆಗಳ ನಡುವೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತು ಇದರಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಹಿತೇಶ್ ವರ್ಮಾ ತೀರ್ಪಿನಲ್ಲಿ ವಿವರಿಸಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನಡೆಯಿತೆನ್ನಲಾದ ನಿಂದನೆಯ ಪ್ರಕರಣವನ್ನು ಇಂತಹದೇ ಕಾರಣ ನೀಡಿ ರದ್ದುಪಡಿಸಿತು. ದೂರು ಬರೆಯುವಾಗ ಘಟನೆ ಎಲ್ಲಿ ನಡೆಯಿತು, ಯಾರು ಕಂಡರು, ಯಾವ ಮಾತು ಆಡಲಾಯಿತು ಎಂಬ ವಿವರ ಬಿಟ್ಟುಹೋದರೆ ಮುಂದೆ ಅದನ್ನು ತುಂಬುವುದು ಕಷ್ಟ. ಆಗ ಅದು ನಂತರ ಸೇರಿಸಿದ ಮಾತೆಂದು ಪಾಟೀ ಸವಾಲಿನಲ್ಲಿ ಪ್ರಶ್ನೆಗೆ ಒಳಗಾಗುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಸಾಕ್ಷಿಗಳು ಪ್ರತಿಕೂಲವಾಗುವುದು. ಪೊಲೀಸರ ಮುಂದೆ ನೀಡಿದ ಹೇಳಿಕೆಯು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಸಾಕ್ಷಿಯು ಕಟಕಟೆಗೆ ಬಂದು ಅದನ್ನೇ ಪ್ರಮಾಣ ಮಾಡಿ ಹೇಳಬೇಕು. ಅಲ್ಲಿ ನಿಂತು 'ನಾನು ಕಂಡಿಲ್ಲ' ಎಂದರೆ ಹಿಂದಿನ ಹೇಳಿಕೆಯನ್ನು ಆತನ ಮಾತಿನ ವ್ಯತ್ಯಾಸ ತೋರಲು ಬಳಸಬಹುದೇ ಹೊರತು ಆರೋಪಿಗೆ ಶಿಕ್ಷೆ ನೀಡಲು ಬಳಸಲಾಗದು. ದೌರ್ಜನ್ಯ ಪ್ರಕರಣಗಳ ಸಾಕ್ಷಿಗಳು ಬಹುತೇಕ ಅದೇ ಊರಿನವರು. ಅವರ ಕೂಲಿ, ಸಾಲ, ಹೊಲಕ್ಕೆ ಹೋಗುವ ದಾರಿ, ನೀರು ಎಲ್ಲವೂ ಆರೋಪಿಗಳ ಕಡೆಯವರ ಕೈಯಲ್ಲಿರುವುದುಂಟು.

ಕಂಬಾಲಪಲ್ಲಿ ಪ್ರಕರಣ

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ (ಈಗ ಚಿಕ್ಕಬಳ್ಳಾಪುರ ಜಿಲ್ಲೆ) ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಗ್ರಾಮದಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸಜೀವವಾಗಿ ಸುಡಲಾಯಿತು. ಊರಿನಲ್ಲಿ ದಲಿತರು ಮತ್ತು ಪ್ರಬಲ ಜಾತಿಯವರ ನಡುವೆ ಮೊದಲೇ ವೈಷಮ್ಯವಿತ್ತು. ಘಟನೆಗೆ ತುಸು ಮುಂಚೆ ಪ್ರಬಲ ಜಾತಿಯ ವ್ಯಕ್ತಿಯೊಬ್ಬರು ಘರ್ಷಣೆಯಲ್ಲಿ ಸಾವಿಗೀಡಾಗಿದ್ದರು. ಆ ಬಳಿಕ ಗುಂಪೊಂದು ದಲಿತರ ಮನೆಗಳ ಮೇಲೆ ದಾಳಿ ಮಾಡಿ ಬೆಂಕಿ ಹಚ್ಚಿತು.

ರಾಜ್ಯವ್ಯಾಪಿ ಪ್ರತಿಭಟನೆಗಳು ನಡೆದವು. ಹತ್ತಾರು ಮಂದಿಯ ವಿರುದ್ಧ ಕೊಲೆ ಹಾಗೂ ದೌರ್ಜನ್ಯ ತಡೆ ಕಾಯ್ದೆಯ ಆರೋಪಗಳು ದಾಖಲಾದವು. ಕೋಲಾರದ ನ್ಯಾಯಾಲಯವು ತೀರ್ಪು ನೀಡಿದ್ದು 2006ರ ಡಿಸೆಂಬರ್‌ನಲ್ಲಿ, ಅಂದರೆ ಘಟನೆಯಾಗಿ ಆರು ವರ್ಷ ಎಂಟು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಪ್ರತ್ಯಕ್ಷದರ್ಶಿಗಳೆಂದು ಹೆಸರಿಸಲಾಗಿದ್ದ 22 ಸಾಕ್ಷಿಗಳು ಪ್ರತಿಕೂಲವಾಗಿದ್ದರು. ವಿಚಾರಣೆ ಎದುರಿಸಿದ ಎಲ್ಲ 32 ಆರೋಪಿಗಳೂ ಖುಲಾಸೆಯಾದರು. ಸರ್ಕಾರ ಮೇಲ್ಮನವಿ ಸಲ್ಲಿಸಿತಾದರೂ 2014ರಲ್ಲಿ ಕರ್ನಾಟಕ ಹೈಕೋರ್ಟ್ ಖುಲಾಸೆಯನ್ನೇ ಎತ್ತಿಹಿಡಿಯಿತು.

ಏಳು ಜನ ಸುಟ್ಟು ಸತ್ತರೆಂಬುದನ್ನು ಈ ಪ್ರಕರಣದಲ್ಲಿ ಯಾರೂ ನಿರಾಕರಿಸಿರಲಿಲ್ಲ. ಸುಟ್ಟವರು ಇವರೇ ಎಂದು ಹೇಳುವ ಸಾಕ್ಷಿ ಮಾತ್ರ ನ್ಯಾಯಾಲಯದ ಮುಂದೆ ಉಳಿಯಲಿಲ್ಲ. ಭಯ ಮತ್ತು ಒತ್ತಡವೇ ಇದಕ್ಕೆ ಕಾರಣವೆಂದು ದಲಿತ ಸಂಘಟನೆಗಳು ಹೇಳಿದವು. ಅಂಕಿಅಂಶದ ಪಟ್ಟಿಯಲ್ಲಿ ಇದು ಒಂದು 'ಖುಲಾಸೆ' ಮಾತ್ರ. ಖುಲಾಸೆಯನ್ನು ಸುಳ್ಳು ದೂರಿಗೆ ಸಮೀಕರಿಸುವ ವಾದಕ್ಕೆ ಕಂಬಾಲಪಲ್ಲಿಗಿಂತ ಕಠಿಣವಾದ ಪ್ರಶ್ನೆ ಇನ್ನೊಂದಿರಲಾರದು. ಸಾಕ್ಷಿ ರಕ್ಷಣೆಯನ್ನು ಹಕ್ಕಾಗಿಸಿದ 15ಎ ಪ್ರಕರಣ ಆ ವಿಚಾರಣೆ ನಡೆದ ಕಾಲದಲ್ಲಿ ಇರಲಿಲ್ಲ.

ಮರಕುಂಬಿ ಪ್ರಕರಣ

2014ರ ಆಗಸ್ಟ್ 28ರಂದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿ ಗ್ರಾಮದ ದಲಿತ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಊರಿನ ಹೋಟೆಲು ಮತ್ತು ಕ್ಷೌರದಂಗಡಿಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದಿದ್ದ ವಿಷಯವು ಅಲ್ಲಿನ ಕಲಹದ ಹಿನ್ನೆಲೆಯಲ್ಲಿತ್ತು. ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ಯುವಕರ ನಡುವೆ ನಡೆದ ಜಗಳವು ತಕ್ಷಣದ ನೆಪವಾಯಿತು.

117 ಮಂದಿಯ ವಿರುದ್ಧ ದೋಷಾರೋಪ ಸಲ್ಲಿಕೆಯಾಯಿತು. ವಿಚಾರಣೆಯ ಅವಧಿಯಲ್ಲಿ 16 ಆರೋಪಿಗಳು ಮೃತಪಟ್ಟರು. ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು ಉಳಿದ 101 ಮಂದಿಯನ್ನೂ ಅಪರಾಧಿಗಳೆಂದು ಘೋಷಿಸಿ, 2024ರ ಅಕ್ಟೋಬರ್ 24ರಂದು 98 ಮಂದಿಗೆ ಜೀವಾವಧಿ ಶಿಕ್ಷೆ ಹಾಗೂ ಮೂವರಿಗೆ ಐದು ವರ್ಷಗಳ ಸೆರೆವಾಸ ವಿಧಿಸಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟೊಂದು ಮಂದಿಗೆ ಶಿಕ್ಷೆಯಾದದ್ದು ದೇಶದ ಗಮನ ಸೆಳೆಯಿತು.

ಆ ಮೂವರಿಗೆ ಕಡಿಮೆ ಶಿಕ್ಷೆಯಾದದ್ದು ಅವರ ಪಾತ್ರ ಚಿಕ್ಕದೆಂಬ ಕಾರಣಕ್ಕಲ್ಲ. ಅವರು ಪರಿಶಿಷ್ಟ ಸಮುದಾಯಗಳಿಗೇ ಸೇರಿದವರಾದ್ದರಿಂದ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಒಂದೇ ಗುಂಪು, ಒಂದೇ ದಿನದ ಕೃತ್ಯ. ಸಾಮಾನ್ಯ ಕಾನೂನಿನಡಿ ಐದು ವರ್ಷ, ವಿಶೇಷ ಕಾನೂನಿನಡಿ ಜೀವಾವಧಿ. ವಿಶೇಷ ಕಾಯ್ದೆಯು ಶಿಕ್ಷೆಯ ತೂಕವನ್ನು ಎಷ್ಟು ಬದಲಿಸುತ್ತದೆಂಬುದು ಇಲ್ಲಿ ಅಕ್ಕಪಕ್ಕದಲ್ಲಿಯೇ ಕಾಣುತ್ತದೆ.

ತೀರ್ಪು ಬರಲು ಹತ್ತು ವರ್ಷ ಹಿಡಿಯಿತೆಂಬುದನ್ನು ಮರೆಯುವಂತಿಲ್ಲ. ಕಾನೂನು ಹೇಳುವ ಗಡುವು ಎರಡು ತಿಂಗಳು. ತೀರ್ಪಿನ ಮರುತಿಂಗಳೇ ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠವು, ಮೇಲ್ಮನವಿ ಇತ್ಯರ್ಥವಾಗುವವರೆಗೆ ಬಹುತೇಕ ಅಪರಾಧಿಗಳಿಗೆ ಜಾಮೀನು ನೀಡಿತು.

ಸುಳ್ಳು ದೂರಿನ ವಾದ ಮತ್ತು ಸುಪ್ರೀಂ ಕೋರ್ಟ್

ಕಡಿಮೆ ಶಿಕ್ಷೆಯ ಅಂಕಿಅಂಶವು ನ್ಯಾಯಾಂಗದ ತೀರ್ಪೊಂದರ ಆಧಾರಗಳಲ್ಲಿ ಒಂದಾದದ್ದು 2018ರಲ್ಲಿ. ಮಹಾರಾಷ್ಟ್ರದ ಸುಭಾಷ್ ಕಾಶಿನಾಥ್ ಮಹಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಪೀಠವು ಮಾರ್ಚ್ 20ರಂದು ತೀರ್ಪು ನೀಡಿತು. ಮುಗಿದ ಪ್ರಕರಣಗಳಲ್ಲಿ ಶೇ 75ಕ್ಕಿಂತ ಹೆಚ್ಚು ಖುಲಾಸೆ, ಹಿಂತೆಗೆತ ಅಥವಾ ರಾಜಿಯಲ್ಲಿ ಕೊನೆಗೊಂಡಿವೆ ಎಂಬ ಮಾಹಿತಿಯನ್ನು ಅದು ಉಲ್ಲೇಖಿಸಿತು. ಕಾಯ್ದೆಯ ದುರ್ಬಳಕೆ ತಡೆಯಲು ಪೀಠವು ಮೂರು ಸೂಚನೆಗಳನ್ನು ನೀಡಿತು. ದೂರು ದಾಖಲಿಸುವ ಮುನ್ನ ಡಿವೈಎಸ್‌ಪಿಯವರು ಪ್ರಾಥಮಿಕ ವಿಚಾರಣೆ ನಡೆಸಬಹುದು. ಬಂಧನಕ್ಕೆ ಮುನ್ನ, ಸರ್ಕಾರಿ ನೌಕರರಾದರೆ ನೇಮಕಾತಿ ಪ್ರಾಧಿಕಾರದ, ಇತರರಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಅನುಮತಿ ಬೇಕು. ಮೇಲ್ನೋಟಕ್ಕೆ ಆರೋಪ ನಿಲ್ಲದಿದ್ದಲ್ಲಿ ನಿರೀಕ್ಷಣಾ ಜಾಮೀನಿಗೆ ತಡೆಯಿಲ್ಲ.

ಏಪ್ರಿಲ್ 2ರಂದು ಭಾರತ ಬಂದ್ ನಡೆದು ಹಲವೆಡೆ ಸಾವುನೋವುಗಳಾದವು. ಅದೇ ಆಗಸ್ಟ್‌ನಲ್ಲಿ ಸಂಸತ್ತು 18ಎ ಪ್ರಕರಣವನ್ನು ಸೇರಿಸಿ, ದೂರು ದಾಖಲಿಸಲು ಪ್ರಾಥಮಿಕ ವಿಚಾರಣೆಯಾಗಲಿ ಬಂಧನಕ್ಕೆ ಪೂರ್ವಾನುಮತಿಯಾಗಲಿ ಬೇಕಿಲ್ಲವೆಂದು ಘೋಷಿಸಿತು. 2019ರ ಅಕ್ಟೋಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಮರುಪರಿಶೀಲನೆಯಲ್ಲಿ ಹಿಂದಿನ ಸೂಚನೆಗಳನ್ನು ಹಿಂಪಡೆಯಿತು. ಪರಿಶಿಷ್ಟರು ಒಂದು ವರ್ಗವಾಗಿ ಕಾನೂನನ್ನು ದುರ್ಬಳಕೆ ಮಾಡುತ್ತಾರೆಂದು ಭಾವಿಸಲು ಆಧಾರವಿಲ್ಲ; ಸುಳ್ಳು ದೂರು ನೀಡುವುದು ಮನುಷ್ಯರ ದೋಷವೇ ಹೊರತು ಜಾತಿಯದಲ್ಲ; ದೋಷಪೂರ್ಣ ತನಿಖೆಯೂ ಪ್ರಕರಣ ಬೀಳಲು ಕಾರಣವಾಗಬಹುದು ಎಂಬುದು ಆ ತೀರ್ಪಿನ ತಿರುಳು. 2020ರ ಫೆಬ್ರವರಿ 10ರಂದು ಪೃಥ್ವಿರಾಜ್ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 18ಎ ಪ್ರಕರಣವನ್ನು ಎತ್ತಿಹಿಡಿಯಿತು. ಆದರೆ ದೂರಿನಲ್ಲಿ ಮೇಲ್ನೋಟಕ್ಕೇ ಅಪರಾಧ ಕಾಣದಿದ್ದರೆ ನಿರೀಕ್ಷಣಾ ಜಾಮೀನಿನ ನಿರ್ಬಂಧ ಅನ್ವಯಿಸುವುದಿಲ್ಲವೆಂದೂ ಹೇಳಿತು.

ವೈಯಕ್ತಿಕ ಕಲಹಗಳಲ್ಲಿ ಈ ಕಾಯ್ದೆಯನ್ನು ಎಳೆದು ತಂದ ಪ್ರಕರಣಗಳೇ ಇಲ್ಲವೆಂದು ಹೇಳಲಾಗದು; ನ್ಯಾಯಾಲಯಗಳು ಅಂತಹವನ್ನು ರದ್ದುಪಡಿಸಿವೆ. ಆದರೆ ದೂರು ಸುಳ್ಳೆಂದು ಸಾಬೀತಾಗುವುದೂ ಆರೋಪವು ಸಂಶಯಾತೀತವಾಗಿ ಸಾಬೀತಾಗದೆ ಉಳಿಯುವುದೂ ಎರಡು ಬೇರೆ ಸಂಗತಿಗಳು. 2021ರ ಪಟಾನ್ ಜಮಾಲ್ ವಲಿ ತೀರ್ಪು ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಅಂಧ ದಲಿತ ಯುವತಿಯೊಬ್ಬರ ಮೇಲಿನ ಅತ್ಯಾಚಾರಕ್ಕೆ ದಂಡ ಸಂಹಿತೆಯಡಿ ವಿಧಿಸಿದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಉಳಿಸಿತು. ಜಾತಿಯೂ ಒಂದು ಕಾರಣವೆಂದು ತೋರಿಸುವ ಪ್ರತ್ಯೇಕ ಸಾಕ್ಷ್ಯವಿಲ್ಲವೆಂದು ವಿಶೇಷ ಕಾಯ್ದೆಯ ಆರೋಪದಿಂದ ಆರೋಪಿಯನ್ನು ಬಿಡುಗಡೆ ಮಾಡಿತು. ಜಾತಿ, ಲಿಂಗ, ಅಂಗವೈಕಲ್ಯಗಳು ಒಬ್ಬ ವ್ಯಕ್ತಿಯಲ್ಲಿ ಕೂಡಿ ಬಂದಾಗ ಅಪರಾಧಕ್ಕೆ ಒಂದೇ ಕಾರಣವನ್ನು ಬೇರ್ಪಡಿಸಿ ಕೇಳುವುದು ಸರಿಯಲ್ಲವೆಂದೂ ಅದೇ ತೀರ್ಪು ವಿವರಿಸಿತು. ಅಪರಾಧ ನಡೆದದ್ದು ತಿದ್ದುಪಡಿಗೆ ಮೊದಲಾದ್ದರಿಂದ ಹಳೆಯ ಮಾತೇ ಅಲ್ಲಿ ಅನ್ವಯಿಸಿತ್ತು.

ಪರಿಹಾರ ಮತ್ತು ಮೇಲ್ವಿಚಾರಣೆ

2016ರಲ್ಲಿ ತಿದ್ದುಪಡಿಯಾದ ನಿಯಮಗಳು ಅಪರಾಧದ ಸ್ವರೂಪಕ್ಕೆ ಅನುಗುಣವಾಗಿ ₹85,000ದಿಂದ ₹8,25,000ದವರೆಗೆ ಪರಿಹಾರ ನಿಗದಿಪಡಿಸಿವೆ. ಹಣವನ್ನು ಹಂತಹಂತವಾಗಿ ನೀಡಲಾಗುತ್ತದೆ. ಹಲವು ಅಪರಾಧಗಳಲ್ಲಿ ಮೊದಲ ಕಂತು ದೂರು ದಾಖಲಾದಾಗ, ಮುಂದಿನದು ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗ, ಕೊನೆಯದು ವಿಚಾರಣಾ ನ್ಯಾಯಾಲಯದಲ್ಲಿ ಶಿಕ್ಷೆಯಾದಾಗ ದೊರೆಯುತ್ತದೆ. ದೋಷಾರೋಪ ಪಟ್ಟಿಯನ್ನು 60 ದಿನಗಳಲ್ಲಿ ಸಲ್ಲಿಸಬೇಕೆಂಬುದೂ ಈ ನಿಯಮಗಳಲ್ಲಿದೆ.

ಮುಖ್ಯಮಂತ್ರಿಯವರ ಅಧ್ಯಕ್ಷತೆಯ ರಾಜ್ಯ ಮಟ್ಟದ ಸಮಿತಿಯು ವರ್ಷಕ್ಕೆ ಎರಡು ಬಾರಿ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಯು ಮೂರು ತಿಂಗಳಿಗೊಮ್ಮೆ ಸಭೆ ಸೇರಿ ಪ್ರಕರಣಗಳನ್ನು ಪರಿಶೀಲಿಸಬೇಕು. ಸಂತ್ರಸ್ತರು ಬಯಸಿದರೆ ತಮ್ಮ ಪ್ರಕರಣ ನಡೆಸಲು ಹಿರಿಯ ವಕೀಲರನ್ನು ನೇಮಿಸುವಂತೆ ಜಿಲ್ಲಾಧಿಕಾರಿಯನ್ನು ಕೋರಬಹುದು. ಈ ಅವಕಾಶದ ಅರಿವು ಹೆಚ್ಚಿನ ದೂರುದಾರರಿಗೆ ಇರುವುದಿಲ್ಲ. ಕರ್ನಾಟಕದಲ್ಲಿ ಈ ಕಾಯ್ದೆಯ ಜಾರಿಯ ಮೇಲೆ ಕಣ್ಣಿಡಲು ಪೊಲೀಸ್ ಇಲಾಖೆಯಲ್ಲಿ ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯವಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ಘಟಕಗಳಿಗೆ ಪೊಲೀಸ್ ಠಾಣೆಯ ಅಧಿಕಾರ ನೀಡಿ, ದೌರ್ಜನ್ಯ ಪ್ರಕರಣಗಳ ತನಿಖೆಯನ್ನು ಅವುಗಳಿಗೆ ವಹಿಸುವ ಕ್ರಮವನ್ನು ರಾಜ್ಯ ಸರ್ಕಾರ ಕೈಗೊಂಡಿದೆ.